ಮೆಟ್‌ಫಾರ್ಮಿನ್ ಶುರು ಮಾಡಿದ ಮೇಲೆ ಅಪ್ಪನಿಗೆ ಜುಲಾಬು: ಊಟದ ಜೊತೆ ಅಂದರೆ ಯಾವ ಊಟ?

ಬನಹಟ್ಟಿ ಮಗಳು

ಎಲ್ಲರಿಗೂ ನಮಸ್ಕಾರ. ನಾನು ಕೆಲಸಕ್ಕೆ ಬೆಳಗಾವಿಯಲ್ಲಿದ್ದೇನೆ. ಅಪ್ಪ, ಅವ್ವ ಬನಹಟ್ಟಿಯಲ್ಲಿ. ಅಪ್ಪನಿಗೆ 56 ವರ್ಷ, ಪವರ್‌ಲೂಮ್ ನಡೆಸುತ್ತಾರೆ. ಕಾಲಿನ ಗಾಯ ಬೇಗ ಮಾಯುತ್ತಿಲ್ಲ ಎಂದು ತೋರಿಸಲು ಹೋದಾಗ ಶುಗರ್ ಇರುವುದು ಗೊತ್ತಾಯಿತು. ಖಾಲಿ ಹೊಟ್ಟೆಯಲ್ಲಿ 172, ಮೂರು ತಿಂಗಳ ಟೆಸ್ಟ್‌ನಲ್ಲಿ 8.3. ಕಿಡ್ನಿ ಟೆಸ್ಟ್ ಸರಿ ಇದೆ, ಕ್ರಿಯಾಟಿನಿನ್ 0.9.

ಮೆಟ್‌ಫಾರ್ಮಿನ್ 1000, ಬೆಳಿಗ್ಗೆ ಒಂದು ರಾತ್ರಿ ಒಂದು, ಊಟ ಆದ ಮೇಲೆ ಎಂದು ಬರೆದುಕೊಟ್ಟರು. ಮರುದಿನದಿಂದಲೇ ಹೊಟ್ಟೆ ತೊಳಸುವುದು ಶುರು. ಆಮೇಲೆ ಜುಲಾಬು. ಬೆಳಿಗ್ಗೆ ಗುಳಿಗೆ ನುಂಗಿ ಮಗ್ಗದ ಮುಂದೆ ನಿಂತರೆ ಸ್ವಲ್ಪ ಹೊತ್ತಿಗೆ ಹೊಟ್ಟೆ ಕಲೆಸುತ್ತದೆ. ಮಗ್ಗ ಬಂದ್ ಮಾಡಿ ಓಡಬೇಕು. ನಾಲ್ಕು ಮಂದಿಯ ನಡುವೆ ಅವರಿಗೆ ಅದು ಬಹಳ ನಾಚಿಕೆ. ಒಂದು ವಾರದೊಳಗೆ ಗುಳಿಗೆ ಬಿಟ್ಟುಬಿಟ್ಟರು. ಈಗ ಕೇಳಿದರೆ "ಈ ಗುಳಿಗೆ ನನಗೆ ಆಗಿಬರೋದಿಲ್ಲ, ಸುಮ್ನೆ ಬಿಡು" ಎನ್ನುತ್ತಾರೆ.

ನಿಜಕ್ಕೂ ಕೆಲವರಿಗೆ ಆಗಿಬರುವುದಿಲ್ಲವಾ? ಅಥವಾ ತೆಗೆದುಕೊಳ್ಳುವ ರೀತಿ ಬೇರೆ ಇದೆಯಾ? ಮುಂದಿನ ವಾರ ಮತ್ತೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಏನು ಕೇಳಬೇಕು ಎಂದು ತಿಳಿದುಕೊಂಡು ಹೋಗೋಣ ಅಂತ.

ಗೋಕಾಕದ ಅಣ್ಣ

ತಂಗಿ, ನಮ್ಮ ಮಾಮಾಗೂ ಹೀಗೇ ಆಗಿತ್ತು. ಡೋಸ್ ಜಾಸ್ತಿ ಆಗಿದೆ, ಅಷ್ಟೇ. ಒಂದೇ ಸಲ ಸಾವಿರದ ಗುಳಿಗೆ ಕೊಟ್ಟರೆ ಯಾರ ಹೊಟ್ಟೆ ತಡೆಯುತ್ತದೆ? ಅರ್ಧ ಮುರಿದು ಕೊಡಿ. ಗುಳಿಗೆ ದೊಡ್ಡದು, ನುಂಗಲು ಕಷ್ಟ ಆದರೆ ಕುಟ್ಟಿ ಪುಡಿ ಮಾಡಿ ಮಜ್ಜಿಗೆಯಲ್ಲಿ ಹಾಕಿ ಕುಡಿಸಿ. ಮಜ್ಜಿಗೆ ಹೊಟ್ಟೆಗೂ ತಂಪು. ಮಾಮಾ ಹಾಗೆ ಮಾಡಿ ಈಗ ಆರಾಮ ಇದ್ದಾರೆ.

ಮುದ್ದೇಬಿಹಾಳ ಮಾಸ್ತರ

ಶುಗರ್ ಗುಳಿಗೆ ತೆಗೆದುಕೊಂಡು ಊಟ ತಡವಾದರೆ ಬಹಳ ಅಪಾಯ. ನನಗೆ ಒಮ್ಮೆ ಶಾಲೆಯಲ್ಲೇ ಮೈಯೆಲ್ಲ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆ ಬಂದಿತ್ತು. ಅಪ್ಪನ ಕಿಸೆಯಲ್ಲಿ ಯಾವಾಗಲೂ ಸಕ್ಕರೆ ಇಲ್ಲವೇ ಬೆಲ್ಲ ಇಡಿ. ಊಟದ ಜೊತೆ ತೆಗೆದುಕೊಳ್ಳಿ ಎಂದು ಹೇಳುವುದು ಇದಕ್ಕೇ, ಶುಗರ್ ಇಳಿದು ಬೀಳಬಾರದು ಅಂತ.

ಜಮಖಂಡಿ ಡಾಕ್ಟರ್

ನಾನು ಜಮಖಂಡಿಯಲ್ಲಿ ಫಿಜಿಶಿಯನ್. ಇಂಥ ಕೇಸು ನನ್ನ ಓಪಿಡಿಗೆ ವಾರಕ್ಕೆ ಹಲವು ಬರುತ್ತವೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ಮಾಸ್ತರ ಮಾತು. ಸರ್, ನಿಮಗೆ ಆದದ್ದು ಶುಗರ್ ಇಳಿದದ್ದು. ಅದು ಹೆಚ್ಚಾಗಿ ಗ್ಲಿಮೆಪಿರೈಡ್ ತರಹದ ಗುಳಿಗೆಯಿಂದ ಆಗುತ್ತದೆ. ನಿಮ್ಮ ಸ್ಟ್ರಿಪ್‌ನ ಹಿಂದೆ ನೋಡಿ, ಬಹುಶಃ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಎರಡೂ ಸೇರಿದ ಗುಳಿಗೆ ಇರಬೇಕು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಶುಗರ್ ಹಾಗೆ ಬೀಳುವುದು ಅಪರೂಪ. ಅದು ಮುಖ್ಯವಾಗಿ ಲಿವರ್ ರಾತ್ರಿಯೆಲ್ಲ ರಕ್ತಕ್ಕೆ ಬಿಡುವ ಸಕ್ಕರೆಯನ್ನು ಕಡಿಮೆ ಮಾಡುತ್ತದೆ, ಇನ್ಸುಲಿನ್ ಜಾಸ್ತಿ ಹಿಂಡುವುದಿಲ್ಲ. ಮೆಟ್‌ಫಾರ್ಮಿನ್ ಅನ್ನು ಊಟದ ಜೊತೆ ಕೊಡುವುದು ಹೊಟ್ಟೆಯ ಸಲುವಾಗಿ.

ಹೊಟ್ಟೆಗೆ ಯಾಕೆ ತೊಂದರೆ? ಈ ಔಷಧ ರಕ್ತದಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕರುಳಿನ ಗೋಡೆಯಲ್ಲಿ ಸೇರಿಕೊಳ್ಳುತ್ತದೆ. ಖಾಲಿ ಕರುಳಿಗೆ ಒಮ್ಮೆಲೇ ಸಾವಿರ ಮಿಲಿಗ್ರಾಂ ಬಿದ್ದರೆ ಅದು ಕೆರಳುತ್ತದೆ. ಪಿತ್ತರಸ ಸರಿಯಾಗಿ ವಾಪಸ್ ಹೀರಿಕೊಳ್ಳದೆ ಕೆಳಗೆ ಹೋಗಿ ನೀರು ಎಳೆಯುತ್ತದೆ. ಅದರಿಂದ ಜುಲಾಬು. ಅನ್ನ ರೊಟ್ಟಿಯ ನಡುವೆ ಗುಳಿಗೆ ಇದ್ದರೆ ಅದು ನಿಧಾನಕ್ಕೆ ಕರಗಿ ನಿಧಾನಕ್ಕೆ ಇಳಿಯುತ್ತದೆ. ಸಣ್ಣ ಡೋಸಿನಿಂದ ಶುರು ಮಾಡಿದರೆ ಕರುಳಿಗೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಸರಿ ಹೋಗುತ್ತದೆ.

ಗೋಕಾಕದ ಅಣ್ಣ ಅರ್ಧ ಮಾತು ಸರಿಯಾಗಿಯೇ ಹೇಳಿದ್ದಾರೆ, ಡೋಸ್ ಜಾಸ್ತಿ ಆಯಿತು. ಆದರೆ ಕುಟ್ಟುವುದು ಬೇಡ. ಸ್ಟ್ರಿಪ್ ಮೇಲೆ ಎಸ್‌ಆರ್, ಎಕ್ಸ್‌ಆರ್, ಪಿಆರ್ ಇಲ್ಲವೇ ಇಆರ್ ಎಂದು ಇದ್ದರೆ ಅದು ತಾಸುಗಟ್ಟಲೆ ನಿಧಾನಕ್ಕೆ ಔಷಧ ಬಿಡುವ ಗುಳಿಗೆ. ಕುಟ್ಟಿದರೆ ಇಡೀ ದಿನದ ಔಷಧ ಒಂದೇ ಸಲ ಹೊಟ್ಟೆಗೆ ಬೀಳುತ್ತದೆ. ಯಾವ ತೊಂದರೆ ತಪ್ಪಿಸಬೇಕು ಅಂತ ಇದ್ದೇವೋ ಅದೇ ಜಾಸ್ತಿ ಆಗುತ್ತದೆ.

ತಂಗಿ, ಎರಡು ವಿಷಯ ಬೇಕು. ಸ್ಟ್ರಿಪ್ ಮೇಲೆ ಏನೇನು ಬರೆದಿದೆ, ಒಂದು ಅಕ್ಷರ ಬಿಡದೆ ಹೇಳಿ. ಮತ್ತೆ ಅಪ್ಪ ದಿನದಲ್ಲಿ ಯಾವಾಗ ಏನು ತಿನ್ನುತ್ತಾರೆ?

ಬನಹಟ್ಟಿ ಮಗಳು

ತುಂಬಾ ಥ್ಯಾಂಕ್ಸ್ ಮೇಡಂ. ಅವ್ವನಿಗೆ ಫೋನ್ ಮಾಡಿ ಫೋಟೋ ತರಿಸಿಕೊಂಡೆ. ಸ್ಟ್ರಿಪ್ ಮೇಲೆ ಮೆಟ್‌ಫಾರ್ಮಿನ್ ಹೈಡ್ರೋಕ್ಲೋರೈಡ್ 1000 ಎಂದಷ್ಟೇ ಇದೆ. ಎಸ್‌ಆರ್ ಎಂದು ಎಲ್ಲೂ ಇಲ್ಲ. ಬೇರೆ ಔಷಧ ಸೇರಿಲ್ಲ.

ಅಪ್ಪನ ದಿನ ಹೀಗಿದೆ. ಬೆಳಿಗ್ಗೆ ಆರಕ್ಕೆ ಎದ್ದು ಚಹಾ, ಜೊತೆಗೆ ಒಂದು ಟೋಸ್ಟ್ ಇಲ್ಲವೇ ಒಂದು ಮುಷ್ಟಿ ಚೂಡಾ. ಆಮೇಲೆ ಮಗ್ಗ. ಹನ್ನೊಂದರ ಹೊತ್ತಿಗೆ ಅವ್ವ ರೊಟ್ಟಿ ಕಟ್ಟಿಕೊಡುತ್ತಾರೆ, ಎರಡು ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ಮಧ್ಯಾಹ್ನ ಮೂರಕ್ಕೆ ಮತ್ತೆ ಚಹಾ. ರಾತ್ರಿ ಒಂಬತ್ತಕ್ಕೆ ರೊಟ್ಟಿ, ಅನ್ನ, ಸಾರು. ಬೆಳಗಿನ ಗುಳಿಗೆಯನ್ನು ಅವರು ಆರು ಗಂಟೆಯ ಚಹಾ ಕುಡಿದ ಮೇಲೆ ನುಂಗುತ್ತಿದ್ದರು.

ಜಮಖಂಡಿ ಡಾಕ್ಟರ್

ಇಲ್ಲೇ ಇದೆ ನೋಡಿ. ನಾವು ಚೀಟಿಯಲ್ಲಿ "ಬೆಳಿಗ್ಗೆ, ಊಟದ ನಂತರ" ಎಂದು ಬರೆಯುತ್ತೇವೆ. ನಮ್ಮ ಕಡೆ ದುಡಿಯುವ ಜನ ಬೆಳಿಗ್ಗೆ ಊಟ ಮಾಡುವುದೇ ಇಲ್ಲ, ಚಹಾ ಕುಡಿಯುತ್ತಾರೆ. ಚಹಾ, ಟೋಸ್ಟು ಈ ಗುಳಿಗೆಯ ಲೆಕ್ಕಕ್ಕೆ ಊಟ ಅಲ್ಲ. ನಿಮ್ಮ ಅಪ್ಪನಿಗೆ ಆರು ಗಂಟೆಯ ಡೋಸ್ ಹೆಚ್ಚುಕಡಿಮೆ ಖಾಲಿ ಹೊಟ್ಟೆಗೆ ಬಿದ್ದಿದೆ. ಅದೂ ಸಾದಾ ಗುಳಿಗೆ, ಅದೂ ಸಾವಿರ, ಅದೂ ಮೊದಲ ದಿನವೇ. ಹೊಟ್ಟೆ ಕೆಡದಿದ್ದರೆ ಆಶ್ಚರ್ಯ.

ನಿಮ್ಮ ಡಾಕ್ಟರ್ ಹತ್ತಿರ ಈ ರೀತಿ ಶುರು ಮಾಡಬಹುದಾ ಎಂದು ಕೇಳಿ. ನಾನು ನನ್ನ ಪೇಶಂಟ್‌ಗಳಿಗೆ ಕೊಡುವುದು ಹೀಗೆ. ಮೊದಲು ಹೊಟ್ಟೆ ಪೂರ್ತಿ ಸರಿ ಆಗಲಿ. ಆಮೇಲೆ 500ರ ಎಸ್‌ಆರ್ ಗುಳಿಗೆ, ದಿನಕ್ಕೆ ಒಂದೇ, ರಾತ್ರಿ ಊಟದ ಜೊತೆ. ಅಪ್ಪನದು ರಾತ್ರಿ ಊಟ ದೊಡ್ಡದು, ಊಟ ಆದ ಮೇಲೆ ಮನೆಯಲ್ಲೇ ಇರುತ್ತಾರೆ. ಹೊಟ್ಟೆ ಸ್ವಲ್ಪ ಗುಡುಗುಡು ಅಂದರೂ ಮಗ್ಗದ ಮುಂದೆ ಫಜೀತಿ ಇಲ್ಲ. ಎರಡು ವಾರ ಹಾಗೇ ಇರಲಿ. ಬೇರೆಯವರಿಗೆ ಒಂದು ವಾರ ಸಾಕು, ಆದರೆ ಒಮ್ಮೆ ಹೆದರಿ ಬಿಟ್ಟವರಿಗೆ ನಾನು ಎರಡು ವಾರ ಕೊಡುತ್ತೇನೆ.

ಎರಡು ವಾರ ಆರಾಮ ಹೋದರೆ ಹನ್ನೊಂದು ಗಂಟೆಯ ರೊಟ್ಟಿಗೆ ಇನ್ನೊಂದು 500. ಆರು ಗಂಟೆಯ ಚಹಾಕ್ಕೆ ಅಲ್ಲ. ಮತ್ತೆ ಎರಡು ವಾರ. ಶುಗರ್ ಇನ್ನೂ ಮೇಲೆ ಇದ್ದರೆ ರಾತ್ರಿಯದು ಸಾವಿರ. ಆಮೇಲೆ ಬೇಕಾದರೆ ಎರಡೂ ಸಾವಿರ. ಯಾವುದಾದರೂ ಮೆಟ್ಟಿಲಲ್ಲಿ ಹೊಟ್ಟೆ ಕೆಟ್ಟರೆ ಪೂರ್ತಿ ಬಿಡುವುದಲ್ಲ, ಹಿಂದಿನ ಮೆಟ್ಟಿಲಿಗೆ ಇಳಿಯುವುದು. ಅಲ್ಲಿ ಎರಡು ವಾರ ನಿಂತು ಮತ್ತೆ ಹತ್ತಿ ನೋಡುವುದು.

ನುಂಗುವ ರೀತಿಯೂ ಹೇಳುತ್ತೇನೆ. ಊಟ ಮುಗಿಸಿ ಕೈ ತೊಳೆದು, ಅರ್ಧ ತಾಸು ಟಿವಿ ನೋಡಿ ಆಮೇಲೆ ನುಂಗುವುದಲ್ಲ. ಎರಡು ರೊಟ್ಟಿ ತಿನ್ನುವವರು ಒಂದು ರೊಟ್ಟಿ ಮುಗಿದ ಮೇಲೆ, ತಾಟಿನ ಮುಂದೆ ಕೂತಿರುವಾಗಲೇ ಗುಳಿಗೆ ನುಂಗಿ ಪೂರಾ ಒಂದು ಲೋಟ ನೀರು ಕುಡಿಯಬೇಕು. ಆಮೇಲೆ ಉಳಿದ ಊಟ. ಅವ್ವ ತಾಟಿನ ಪಕ್ಕವೇ ಗುಳಿಗೆ ಇಟ್ಟುಬಿಟ್ಟರೆ ನೆನಪಿನ ಸಮಸ್ಯೆಯೂ ಇಲ್ಲ.

ಒಂದು ಮಾತು ಗಮನದಲ್ಲಿರಲಿ. ನಿಧಾನಕ್ಕೆ ಏರಿಸುವ ಈ ದಾರಿ ಎಲ್ಲರಿಗೂ ಸಾಲುವುದಿಲ್ಲ. ಶುಗರ್ 300 ದಾಟಿ, ಪದೇ ಪದೇ ಮೂತ್ರ, ವಿಪರೀತ ಬಾಯಾರಿಕೆ, ಮೈ ಇಳಿಯುವುದು ಇದ್ದರೆ ಎರಡು ತಿಂಗಳು ಕಾಯಲು ಆಗುವುದಿಲ್ಲ. ಅವರಿಗೆ ಮೊದಲೇ ಬೇರೆ ಔಷಧ, ಕೆಲವೊಮ್ಮೆ ಇನ್ಸುಲಿನ್ ಬೇಕಾಗುತ್ತದೆ. ಅಪ್ಪನದು 8.3, ಅಷ್ಟು ಸಮಯ ಇದೆ. ಕಾಲಿನ ಗಾಯ ಮಾತ್ರ ತಡ ಮಾಡಬೇಡಿ, ಅದನ್ನು ಬೇರೆಯಾಗಿ ತೋರಿಸಿ ಡ್ರೆಸ್ಸಿಂಗ್ ಮಾಡಿಸಿ.

ಮೆಡಿಕಲ್ ಅಂಗಡಿ, ಬಾಗಲಕೋಟೆ

ಡಾಕ್ಟರ್ ಮೇಡಂ ಹೇಳಿದ್ದಕ್ಕೆ ಕೌಂಟರ್ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ.

ಜನ ಹಳೇ ಸ್ಟ್ರಿಪ್ ಕತ್ತರಿಸಿದ ತುಂಡು ತಂದು "ಇದೇ ಕೊಡಿ" ಎನ್ನುತ್ತಾರೆ. ತುಂಡಿನಲ್ಲಿ ಅರ್ಧ ಹೆಸರು ಹರಿದಿರುತ್ತದೆ. ಎಸ್‌ಆರ್ ಎಂಬ ಎರಡು ಅಕ್ಷರವೇ ಹೋಗಿರುತ್ತದೆ. ಸಾದಾ 500, ಎಸ್‌ಆರ್ 500 ನೋಡಲು ಒಂದೇ ತರಹ ಬಿಳಿ ಗುಳಿಗೆ. ಎಸ್‌ಆರ್‌ನಲ್ಲಿ ಆರಾಮ ಇದ್ದವರು ಸಾದಾ ಗುಳಿಗೆಗೆ ಬದಲಾದ ಕೂಡಲೇ ಹೊಟ್ಟೆ ಕೆಟ್ಟು ಬರುವುದನ್ನು ಬಹಳ ನೋಡಿದ್ದೇನೆ. ಊರ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುವ ಗುಳಿಗೆಗೆ ಬದಲಾಯಿಸುವಾಗಲೂ ಇದನ್ನು ಒಮ್ಮೆ ಕೇಳಿ ತಿಳಿದುಕೊಳ್ಳಿ. ಔಷಧ ಅದೇ, ಕೆಲಸವೂ ಅದೇ. ಸಾದಾ ಆದರೆ ಎರಡು ಊಟಕ್ಕೆ ಹಂಚಿಕೊಳ್ಳಬೇಕಾಗಬಹುದು, ಅಷ್ಟೇ.

ಇನ್ನೊಂದು. ಮೂರು ಔಷಧ ಸೇರಿದ ಗುಳಿಗೆ ಇವೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ಅದರ ಜೊತೆ ವೋಗ್ಲಿಬೋಸ್. ಈ ವೋಗ್ಲಿಬೋಸ್ ಜೋಳ, ಅನ್ನದ ಪಿಷ್ಟ ಕರಗುವುದನ್ನು ನಿಧಾನ ಮಾಡುತ್ತದೆ. ಕರಗದೆ ಕೆಳಗೆ ಹೋದದ್ದು ಹುಳಿತು ಗ್ಯಾಸ್ ಆಗುತ್ತದೆ. ಹೊಟ್ಟೆ ಡೊಳ್ಳಿನಂತೆ ಉಬ್ಬಿದೆ, ಬರೀ ಗಾಳಿ ಹೋಗುತ್ತದೆ ಎನ್ನುವವರ ಚೀಟಿಯಲ್ಲಿ ಎಷ್ಟೋ ಸಲ ಇದು ಇರುತ್ತದೆ. ಬೈಗುಳ ಮಾತ್ರ ಮೆಟ್‌ಫಾರ್ಮಿನ್‌ಗೆ. ಅದಕ್ಕೇ ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರ ಓದಿಸಿಕೊಳ್ಳಿ, ನಾವು ಓದಿ ಹೇಳುತ್ತೇವೆ.

ಮತ್ತೆ, ಎಸ್‌ಆರ್ ತೆಗೆದುಕೊಳ್ಳುವವರಿಗೆ ಮಲದಲ್ಲಿ ಗುಳಿಗೆಯ ಆಕಾರದ ಮೆತ್ತನೆಯ ಸಿಪ್ಪೆ ಕಾಣಿಸಬಹುದು. ಗುಳಿಗೆ ಕರಗಲೇ ಇಲ್ಲ, ಡೂಪ್ಲಿಕೇಟ್ ಕೊಟ್ಟಿದ್ದೀರಿ ಎಂದು ಜಗಳಕ್ಕೆ ಬಂದವರಿದ್ದಾರೆ. ಔಷಧ ಒಳಗೆ ಇಳಿದಿರುತ್ತದೆ, ಖಾಲಿ ಸಿಪ್ಪೆ ಹೊರಗೆ ಬರುತ್ತದೆ. ಹೆದರಬೇಡಿ.

ಗೋಕಾಕದ ಅಣ್ಣ

ಮೇಡಂ, ಮಾಮಾನ ಗುಳಿಗೆ ನೋಡಿದೆ. ಎಸ್‌ಆರ್ ಅಂತಲೇ ಇದೆ. ಆದರೆ ಗುಳಿಗೆ ಮೇಲೆ ನಡುವೆ ಗೆರೆ ಇದೆಯಲ್ಲ, ಗೆರೆ ಇರುವುದು ಮುರಿಯಲಿಕ್ಕೇ ಅಲ್ವಾ?

ಮೆಡಿಕಲ್ ಅಂಗಡಿ, ಬಾಗಲಕೋಟೆ

ಅಣ್ಣಾ, ಗೆರೆ ಇರುವ ಕೆಲವು ಎಸ್‌ಆರ್ ಗುಳಿಗೆಯನ್ನು ಗೆರೆಗೆ ಸರಿಯಾಗಿ ಎರಡು ಮಾಡಬಹುದು. ಕೆಲವನ್ನು ಮಾಡಬಾರದು. ಕಂಪನಿಯಿಂದ ಕಂಪನಿಗೆ ಬೇರೆ. ಕುಟ್ಟುವುದು, ಅಗಿಯುವುದು ಯಾವುದಕ್ಕೂ ಇಲ್ಲ. ಅಷ್ಟು ತಲೆ ಕೆಡಿಸಿಕೊಳ್ಳುವ ಬದಲು 500ರದ್ದೇ ತೆಗೆದುಕೊಳ್ಳಿ. ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅಗ್ಗ, ಚಿಕ್ಕದೂ ಹೌದು.

ವಿಜಯಪುರ ಓದುಗಿ

ನನ್ನದು ಶುಗರ್ ಅಲ್ಲ, ಪಿಸಿಓಡಿ. ಅದಕ್ಕೂ ಮೆಟ್‌ಫಾರ್ಮಿನ್ ಕೊಟ್ಟಿದ್ದಾರೆ. ನನಗೆ ಎಲ್ಲರೂ ಹೇಳುವ ರಾತ್ರಿ ಡೋಸ್ ಆಗಲೇ ಇಲ್ಲ. ರಾತ್ರಿ ಉಂಡು ಗುಳಿಗೆ ನುಂಗಿ ಮಲಗಿದರೆ ಎದೆಯುರಿ, ಬಾಯಲ್ಲಿ ತಾಮ್ರದ ರುಚಿ. ಬೆಳಗಿನ ಜಾವ ಹೊಟ್ಟೆ ತೊಳಸುತ್ತಿತ್ತು. ಹಾಸ್ಟೆಲ್‌ನಲ್ಲಿ ರಾತ್ರಿ ಊಟ ಏಳೂವರೆಗೆ ಮುಗಿಯುತ್ತದೆ, ನಾನು ತಿನ್ನುವುದು ಒಂದು ಚಪಾತಿ. ಡಾಕ್ಟರ್ ಅದನ್ನು ಮಧ್ಯಾಹ್ನದ ಊಟಕ್ಕೆ ಬದಲಾಯಿಸಿದರು. ಅಲ್ಲಿ ಸರಿಯಾಗಿ ಹೊಟ್ಟೆ ತುಂಬಾ ಉಣ್ಣುತ್ತೇನೆ. ಆಮೇಲೆ ತೊಂದರೆ ಕಡಿಮೆ ಆಯಿತು. ಬಾಯಿ ರುಚಿ ಮಾತ್ರ ಈಗಲೂ ಆಗಾಗ ಬರುತ್ತದೆ. ಇದಕ್ಕೆ ಏನಾದರೂ ಉಪಾಯ ಇದೆಯಾ?

ಜಮಖಂಡಿ ಡಾಕ್ಟರ್

ನಿಮ್ಮ ಉದಾಹರಣೆ ಒಳ್ಳೆಯದಾಯಿತು. ರಾತ್ರಿ ಎನ್ನುವುದು ನಿಯಮ ಅಲ್ಲ. ದಿನದಲ್ಲಿ ಯಾವ ಊಟ ದೊಡ್ಡದೋ ಅದರ ಜೊತೆ. ಬನಹಟ್ಟಿಯ ಅಪ್ಪನಿಗೆ ರಾತ್ರಿ, ನಿಮಗೆ ಮಧ್ಯಾಹ್ನ. ಬಾಯಿ ರುಚಿ ಹೆಚ್ಚಿನವರಿಗೆ ತಾನಾಗಿ ಕಡಿಮೆ ಆಗುತ್ತದೆ. ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತದೆ. ನನ್ನ ಹತ್ತಿರ ಖಚಿತ ಉಪಾಯ ಇಲ್ಲ. ಊಟ ಆದ ಮೇಲೆ ಸೋಂಪು ಅಗಿದರೆ ಆರಾಮ ಎಂದು ಕೆಲವು ಪೇಶಂಟ್‌ಗಳು ಹೇಳುತ್ತಾರೆ, ಮಾಡಿ ನೋಡಿ.

ಕೃಷ್ಣಾ ತೀರ

ನಾನು ಒಂದು ಮಾತು ಹೇಳಲೇಬೇಕು. ಈ ಗುಳಿಗೆ ಕಿಡ್ನಿ ತಿನ್ನುತ್ತದೆ. ನಮ್ಮ ಓಣಿಯಲ್ಲಿ ಇಬ್ಬರು ಹತ್ತು ವರ್ಷ ಇದನ್ನೇ ನುಂಗಿ ಕೊನೆಗೆ ಡಯಾಲಿಸಿಸ್‌ಗೆ ಹೋದರು. ಹೊಟ್ಟೆ ಕೆಟ್ಟಿತು ಅಂದರೆ ಮೈ ಬೇಡ ಎನ್ನುತ್ತಿದೆ ಅಂತ ಅರ್ಥ. ಬಿಟ್ಟದ್ದೇ ಒಳ್ಳೆಯದಾಯಿತು. ಹಾಗಲಕಾಯಿ ರಸ, ಮೆಂತ್ಯ ನೆನೆಸಿದ ನೀರು ಕುಡಿಸಿ.

ಜಮಖಂಡಿ ಡಾಕ್ಟರ್

ಕಾಕಾ, ನಿಮ್ಮ ಓಣಿಯವರ ಬಗ್ಗೆ ಕೇಳಿ ಬೇಸರ ಆಯಿತು. ಆದರೆ ಕಿಡ್ನಿ ಕೆಡಿಸುವುದು ವರ್ಷಗಟ್ಟಲೆ ಹತೋಟಿ ಇಲ್ಲದ ಶುಗರ್ ಮತ್ತು ಬಿಪಿ. ಮೆಟ್‌ಫಾರ್ಮಿನ್ ಕಿಡ್ನಿ ಕೆಡಿಸುವುದಿಲ್ಲ. ಸಂಬಂಧ ಇರುವುದು ಬೇರೆ ತರಹ. ಈ ಔಷಧ ಮೈಯಿಂದ ಹೊರಗೆ ಹೋಗುವುದು ಕಿಡ್ನಿ ಮೂಲಕ. ಕಿಡ್ನಿ ಮೊದಲೇ ಸೋತಿದ್ದರೆ ಔಷಧ ಒಳಗೇ ಉಳಿದು ಜಮಾ ಆಗುತ್ತದೆ, ಅಪರೂಪಕ್ಕೆ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೆ ಅಪಾಯ ಆಗಬಹುದು. ಅದಕ್ಕೇ ಶುರು ಮಾಡುವ ಮೊದಲು ಕ್ರಿಯಾಟಿನಿನ್ ಮಾಡಿಸಿ, ಅದರಿಂದ ಇಜಿಎಫ್‌ಆರ್, ಅಂದರೆ ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತಿದೆ ಎನ್ನುವ ಅಂಕಿ, ಲೆಕ್ಕ ಹಾಕುತ್ತೇವೆ. 30ಕ್ಕಿಂತ ಕಡಿಮೆ ಇದ್ದರೆ ಕೊಡುವುದೇ ಇಲ್ಲ. 30ರಿಂದ 45ರೊಳಗೆ ಇದ್ದರೆ ಹೊಸದಾಗಿ ಶುರು ಮಾಡುವುದಿಲ್ಲ, ಮೊದಲಿನಿಂದ ಇದ್ದವರಿಗೆ ಡೋಸ್ ಇಳಿಸುತ್ತೇವೆ. ಡಯಾಲಿಸಿಸ್ ತನಕ ಹೋದವರ ಚೀಟಿಯಲ್ಲಿ ಮೆಟ್‌ಫಾರ್ಮಿನ್ ಇತ್ತು ಎನ್ನುವುದು ನಿಜ ಇರಬಹುದು. ಶುಗರ್ ಇದ್ದವರಲ್ಲಿ ಬಹುತೇಕ ಎಲ್ಲರ ಚೀಟಿಯಲ್ಲೂ ಅದು ಇರುತ್ತದೆ.

ಮೆಂತ್ಯ ತಿನ್ನಲಿ, ನನ್ನ ಅಡ್ಡಿ ಇಲ್ಲ. ಆದರೆ ಹೊಸ ಗುಳಿಗೆ ಶುರು ಮಾಡಿದ ವಾರವೇ ಹಾಗಲಕಾಯಿ ರಸವನ್ನೂ ಶುರು ಮಾಡಿದರೆ ಹೊಟ್ಟೆ ಕೆಡಿಸಿದ್ದು ಯಾವುದು ಎಂದು ನನಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ.

ಕೃಷ್ಣಾ ತೀರ

ನೀವು ಓದಿದವರು, ಹೇಳುತ್ತೀರಿ. ನಾನು ಕಣ್ಣಾರೆ ನೋಡಿದ್ದು ಹೇಳಿದೆ. ನನಗೆ ಇನ್ನೂ ಧೈರ್ಯ ಬರುತ್ತಿಲ್ಲ.

ಗುಮ್ಮಟ ನಗರಿ

ವಿಜಯಪುರದಿಂದ. ಅಬ್ಬಾ ಏಳೆಂಟು ವರ್ಷದಿಂದ ಮೆಟ್‌ಫಾರ್ಮಿನ್ ಎಸ್‌ಆರ್ 1000 ತೆಗೆದುಕೊಳ್ಳುತ್ತಾರೆ, ದಿನಕ್ಕೆ ಒಂದೇ, ಬೇರೆ ಔಷಧ ಇಲ್ಲ. ರಂಜಾನ್‌ನಲ್ಲಿ ಸಮಯ ಹೇಗೆ? ಕಳೆದ ಸಲ ರೋಜಾ ಬಿಟ್ಟ ಕೂಡಲೇ ಖರ್ಜೂರ, ನೀರು, ಗುಳಿಗೆ ಎಂದು ತೆಗೆದುಕೊಂಡರು. ಆಮೇಲೆ ನಮಾಜ್, ಆಮೇಲೆ ಊಟ. ಅಷ್ಟು ವರ್ಷ ಇಲ್ಲದ ಹೊಟ್ಟೆ ನೋವು ಆ ತಿಂಗಳು ಬಂತು.

ಜಮಖಂಡಿ ಡಾಕ್ಟರ್

ಖರ್ಜೂರದ ಜೊತೆ ಬೇಡ. ಇಡೀ ದಿನ ಖಾಲಿ ಇದ್ದ ಹೊಟ್ಟೆ ಅದು. ನಮಾಜ್ ಆದ ಮೇಲೆ ಕೂತು ಉಣ್ಣುವ ಊಟದ ನಡುವೆ ತೆಗೆದುಕೊಳ್ಳಲಿ. ದಿನಕ್ಕೆ ಒಂದೇ ಡೋಸ್ ಇರುವವರಿಗೆ ಸಂಜೆಯ ಊಟವೇ ಸರಿ. ಎರಡು ಡೋಸ್ ಇರುವವರು ಒಂದನ್ನು ಸಂಜೆ, ಒಂದನ್ನು ಸಹರಿ ಊಟದ ಜೊತೆ ತೆಗೆದುಕೊಳ್ಳುತ್ತಾರೆ. ರಂಜಾನ್ ಶುರುವಾಗುವ ಮೊದಲೇ ಒಮ್ಮೆ ಅವರ ಡಾಕ್ಟರ್ ಹತ್ತಿರ ಹೋಗಿಬನ್ನಿ. ಗ್ಲಿಮೆಪಿರೈಡ್ ಇಲ್ಲವೇ ಇನ್ಸುಲಿನ್ ಇದ್ದರಂತೂ ಹೋಗಲೇಬೇಕು. ಏಕಾದಶಿ, ಶ್ರಾವಣ ಸೋಮವಾರ ಮಾಡುವವರಿಗೂ ಇದೇ ಮಾತು. ಉಪವಾಸದ ದಿನ ಬಾಳೆಹಣ್ಣು, ಹಾಲಿನ ಜೊತೆ ನುಂಗಿ ಹೊಟ್ಟೆ ಕೆಟ್ಟು ಬರುತ್ತಾರೆ. ಒಪ್ಪತ್ತು ಊಟ ಇದ್ದರೆ ಆ ಊಟಕ್ಕೆ ಗುಳಿಗೆ.

ಇಳಕಲ್ ಹಿರಿಯ

ನನಗೆ 67. ಒಂಬತ್ತು ವರ್ಷದಿಂದ ಇದೇ ಗುಳಿಗೆ, ದಿನಕ್ಕೆ 2000. ಒಂದು ದಿನವೂ ತೊಂದರೆ ಇರಲಿಲ್ಲ. ಈಗ ಮೂರ್ನಾಲ್ಕು ತಿಂಗಳಿಂದ ಬೆಳಿಗ್ಗೆ ಎದ್ದ ಕೂಡಲೇ ಎರಡು ಮೂರು ಸಲ ಸಡಿಲ. ಜ್ವರ ಇಲ್ಲ, ರಕ್ತ ಇಲ್ಲ. ಇಷ್ಟು ವರ್ಷ ಆದ ಮೇಲೆ ಮೆಟ್‌ಫಾರ್ಮಿನ್‌ನಿಂದ ಆಗಲು ಸಾಧ್ಯವಾ? ನಮ್ಮ ಡಾಕ್ಟರ್ ಇರಲಿಕ್ಕಿಲ್ಲ ಎನ್ನುತ್ತಾರೆ.

ಜಮಖಂಡಿ ಡಾಕ್ಟರ್

ಸಾಧ್ಯ ಇದೆ ಅಜ್ಜಾ. ಕೆಲವರಿಗೆ ವರ್ಷಗಳ ಮೇಲೆ ಶುರು ಆಗುತ್ತದೆ. ಆದರೆ ಹೌದು ಎಂದು ಇಲ್ಲಿ ಕೂತು ಹೇಳಲು ಬರುವುದಿಲ್ಲ. ಈಚೆಗೆ ಗುಳಿಗೆಯ ಕಂಪನಿ ಬದಲಾಯಿತಾ, ಎಸ್‌ಆರ್ ಹೋಗಿ ಸಾದಾ ಬಂತಾ, ಬೇರೆ ಹೊಸ ಔಷಧ ಸೇರಿತಾ ನೋಡಿ. ಥೈರಾಯ್ಡ್ ಮತ್ತು ಕಿಡ್ನಿ ಟೆಸ್ಟ್ ಮಾಡಿಸಿ. 67ರ ವಯಸ್ಸಿನಲ್ಲಿ ಹೊಟ್ಟೆಯ ಅಭ್ಯಾಸ ಬದಲಾಗಿ ತಿಂಗಳುಗಟ್ಟಲೆ ಹಾಗೇ ಇದ್ದರೆ ಕರುಳನ್ನೂ ಒಮ್ಮೆ ನೋಡಿಸಬೇಕು, ಎಲ್ಲವನ್ನೂ ಗುಳಿಗೆ ಮೇಲೆ ಹಾಕಿ ಕೂರಬಾರದು. ಡಾಕ್ಟರ್ ಒಪ್ಪಿದರೆ ಕೆಲವು ದಿನ ಮೆಟ್‌ಫಾರ್ಮಿನ್ ನಿಲ್ಲಿಸಿ ನೋಡಬಹುದು. ಅದರಿಂದಲೇ ಆಗಿದ್ದರೆ ಸಾಮಾನ್ಯವಾಗಿ ಬೇಗ ಗೊತ್ತಾಗುತ್ತದೆ. ನೀವಾಗಿ ನಿಲ್ಲಿಸಬೇಡಿ, ಆ ದಿನಗಳಲ್ಲಿ ಶುಗರ್ ನೋಡಿಕೊಳ್ಳಬೇಕು.

ಇಳಕಲ್ ಹಿರಿಯ

ಕಂಪನಿ ಬದಲಾಗಿದೆ. ಆದರೆ ಬದಲಾದದ್ದು ಮೊದಲೋ, ಹೊಟ್ಟೆ ಕೆಟ್ಟದ್ದು ಮೊದಲೋ ನೆನಪಿಲ್ಲ. ಹಳೇ ಬಿಲ್ ಹುಡುಕಿಸುತ್ತೇನೆ.

ಬನಹಟ್ಟಿ ಮಗಳು

ಎಲ್ಲರಿಗೂ ಮತ್ತೆ ನಮಸ್ಕಾರ. ತಡವಾಗಿ ಬರೆಯುತ್ತಿದ್ದೇನೆ, ಆದರೆ ಹೇಳುವಷ್ಟು ಸುದ್ದಿ ಈಗ ಇದೆ.

ಡಾಕ್ಟರ್ ಹತ್ತಿರ ಹೋದಾಗ ಅಪ್ಪನ ಊಟದ ಸಮಯ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ಅವರು ಅದನ್ನು ನೋಡಿ ತಕ್ಷಣ ಬದಲಾಯಿಸಿದರು. 500 ಎಸ್‌ಆರ್, ರಾತ್ರಿ ಊಟದ ನಡುವೆ. ಅವ್ವ ಈಗ ಉಪ್ಪಿನಕಾಯಿ ಹಾಕುವ ಜಾಗದಲ್ಲಿ ತಾಟಿನ ಅಂಚಿಗೆ ಗುಳಿಗೆ ಇಡುತ್ತಾರೆ. ಮೊದಲ ಮೂರ್ನಾಲ್ಕು ದಿನ ಹೊಟ್ಟೆ ಸ್ವಲ್ಪ ಗುಡುಗುಡು ಅಂದಿತು, ಅಷ್ಟೇ. ಎರಡು ವಾರದ ಮೇಲೆ ಹನ್ನೊಂದರ ರೊಟ್ಟಿಗೆ ಇನ್ನೊಂದು ಸೇರಿಸಿದರು. ಅದೂ ಸರಿ ಹೋಯಿತು. ಖಾಲಿ ಹೊಟ್ಟೆಯ ಶುಗರ್ 172 ಇದ್ದದ್ದು 146ಕ್ಕೆ ಬಂತು.

ಆಮೇಲೆ ರಾತ್ರಿಯದನ್ನು ಸಾವಿರ ಮಾಡಿದಾಗ ಮತ್ತೆ ಜುಲಾಬು ಬಂತು. ಅಪ್ಪ "ನೋಡು, ನಾನು ಹೇಳಿದ್ದೆ" ಎಂದರು. ಆದರೆ ಆ ವಾರವೇ ಸಂಬಂಧಿಕರ ಮದುವೆ ಇತ್ತು, ಅಪ್ಪ ಅಲ್ಲಿ ಎರಡು ದಿನ ಎಣ್ಣೆ, ಖಾರ ಜೋರಾಗಿ ಉಂಡಿದ್ದರು. ಡಾಕ್ಟರ್‌ಗೆ ಫೋನ್ ಮಾಡಿದೆ. ಜ್ವರ ಇದೆಯಾ, ರಕ್ತ ಹೋಗುತ್ತಿದೆಯಾ, ಮದುವೆಗೆ ಹೋದ ಬೇರೆಯವರಿಗೂ ಆಗಿದೆಯಾ ಎಂದು ಕೇಳಿದರು. ಯಾವುದೂ ಇರಲಿಲ್ಲ. ಹಿಂದಿನ ಡೋಸಿಗೆ ಇಳಿಸಿದರು. ಎರಡೇ ದಿನದಲ್ಲಿ ಸರಿ ಆಯಿತು. ಈಗ 500 ಮತ್ತು 500ರಲ್ಲೇ ಇದ್ದಾರೆ.

ಈಗ ನನ್ನ ಪ್ರಶ್ನೆ. ಮತ್ತೆ ಏರಿಸಲೇಬೇಕಾ? ಅಪ್ಪ ಇಷ್ಟು ಸಾಕು ಎನ್ನುತ್ತಾರೆ. ಬಿಸಿಲು ಜೋರಾಗುತ್ತಿದೆ, ಮಗ್ಗದ ಶೆಡ್ಡಿನಲ್ಲಿ ತಗಡಿನ ಕೆಳಗೆ ಇಡೀ ದಿನ ಬೆವರುತ್ತಾರೆ. ಜುಲಾಬು ಬಂದರೆ ಬಹಳ ಸುಸ್ತಾಗುತ್ತಾರೆ.

ಗೋಕಾಕದ ಅಣ್ಣ

ತಂಗಿ, 146 ಅಂದರೆ ಚೆನ್ನಾಗಿಯೇ ಇಳಿದಿದೆ. ಮೈಗೆ ಹಿಡಿದ ಡೋಸ್ ಮುಟ್ಟಬೇಡಿ ಎನ್ನುವುದು ನನ್ನ ಅಭಿಪ್ರಾಯ.

ಮೆಡಿಕಲ್ ಅಂಗಡಿ, ಬಾಗಲಕೋಟೆ

ಚೆನ್ನಾಗಿ ಇಳಿದಿದೆ, ಆದರೆ ಗುರಿ ಮುಟ್ಟಿಲ್ಲ ಅಣ್ಣಾ. ಖಾಲಿ ಹೊಟ್ಟೆಯದು 130ರ ಒಳಗೆ ಬರಬೇಕು ಎನ್ನುತ್ತಾರೆ. ನನಗಿಂತ ಮೇಡಂ ಹೇಳಲಿ.

ಜಮಖಂಡಿ ಡಾಕ್ಟರ್

ಇಲ್ಲಿ ಎರಡು ದಾರಿ ಇವೆ, ಎರಡಕ್ಕೂ ಕಾರಣ ಇದೆ. ಮೆಟ್‌ಫಾರ್ಮಿನ್ ಡೋಸ್ ಏರಿದಂತೆ ಶುಗರ್ ಇನ್ನಷ್ಟು ಇಳಿಯುತ್ತದೆ, ಸುಮಾರು 2000 ತನಕ. ಹೊಟ್ಟೆ ತಡೆದರೆ ಏರಿಸುವುದು ಲಾಭ. ಮದುವೆ ಊಟ ಮತ್ತು ಡೋಸ್ ಏರಿಸಿದ್ದು ಒಂದೇ ವಾರ ಆದ್ದರಿಂದ ಕೆಡಿಸಿದ್ದು ಯಾವುದು ಎಂದು ಗೊತ್ತಾಗಿಲ್ಲ. ಹಾಗಾಗಿ ಊಟ ತಿಂಡಿ ಮಾಮೂಲಿ ಇರುವ ವಾರ ನೋಡಿಕೊಂಡು ಇನ್ನೊಮ್ಮೆ ಏರಿಸಿ ನೋಡಬಹುದು. ಸಾವಿರದ ಒಂದೇ ಗುಳಿಗೆ ಬದಲು 500ರ ಎರಡು ಕೊಟ್ಟರೂ ಆಗುತ್ತದೆ, ಬೇಡ ಅನ್ನಿಸಿದ ದಿನ ಇಳಿಸುವುದು ಸುಲಭ. ಇನ್ನೊಂದು ದಾರಿ, 1000ದಲ್ಲೇ ನಿಲ್ಲಿಸಿ ಬೇರೆ ಗುಳಿಗೆ ಜೊತೆಗೆ ಸೇರಿಸುವುದು. ನಾನಾಗಿದ್ದರೆ ಬಿಸಿಲು ಇಳಿಯುವವರೆಗೆ ಈ ಡೋಸಿನಲ್ಲೇ ಇರಲು ಬಿಟ್ಟು, ಮೂರು ತಿಂಗಳ ಟೆಸ್ಟ್ ನೋಡಿ ನಿರ್ಧರಿಸುತ್ತಿದ್ದೆ. ಅವರ ಡಾಕ್ಟರ್ ಬೇರೆ ಹೇಳಿದರೆ ಅದೂ ತಪ್ಪಲ್ಲ, ಅವರು ಅಪ್ಪನನ್ನು ಕಣ್ಣೆದುರು ನೋಡಿದ್ದಾರೆ.

ಬಿಸಿಲಿನ ಮಾತು ಎತ್ತಿದ್ದು ಒಳ್ಳೆಯದಾಯಿತು. ಯಾವ ಕಾರಣಕ್ಕಾದರೂ ಸರಿ, ಜೋರು ವಾಂತಿ, ನೀರಿನಂತೆ ಜುಲಾಬು, ಊಟ ನೀರು ಇಳಿಯದಂತೆ ಜ್ವರ ಬಂದ ದಿನ ಮೆಟ್‌ಫಾರ್ಮಿನ್ ತೆಗೆದುಕೊಳ್ಳಬಾರದು. ಮೈಯಲ್ಲಿ ನೀರು ಕಡಿಮೆ ಆದರೆ ಕಿಡ್ನಿ ಕೆಲಸ ನಿಧಾನ ಆಗಿ ಔಷಧ ಒಳಗೆ ಉಳಿಯುತ್ತದೆ. ಡಾಕ್ಟರ್‌ಗೆ ಅವತ್ತೇ ಫೋನ್ ಮಾಡಿ, ನೀರು, ಉಪ್ಪು ಹಾಕಿದ ತಿಳಿ ಮಜ್ಜಿಗೆ, ಓಆರ್‌ಎಸ್ ಕೊಡುತ್ತಿರಿ. ಮಾಮೂಲಿ ಊಟ ಮಾಡುವಂತಾದ ಮೇಲೆ ಅವರನ್ನು ಕೇಳಿ ಮತ್ತೆ ಶುರು. ವಾಂತಿ ಜೊತೆಗೆ ಉಸಿರು ಜೋರಾಗಿ ಎಳೆಯುವುದು, ಮಂಪರು, ಮೈ ತಣ್ಣಗಾಗುವುದು ಕಂಡರೆ ಫೋನ್ ಮಾಡುತ್ತ ಕೂರಬೇಡಿ, ನೇರ ಆಸ್ಪತ್ರೆಗೆ. ಡೋಸ್ ಏರಿಸಿದಾಗ ಬರುವ ಸಣ್ಣ ಸಡಿಲಕ್ಕೆ ಇದು ಅನ್ವಯಿಸುವುದಿಲ್ಲ, ಅದಕ್ಕೆ ಒಂದು ಮೆಟ್ಟಿಲು ಇಳಿದರೆ ಸಾಕು.

ಬನಹಟ್ಟಿ ಮಗಳು

ಅರ್ಥ ಆಯಿತು ಮೇಡಂ. ಇನ್ನೊಂದೇ ಒಂದು. ಕೆಲವೊಮ್ಮೆ ಆರ್ಡರ್ ಜಾಸ್ತಿ ಇದ್ದಾಗ ಹನ್ನೊಂದರ ರೊಟ್ಟಿ ಎರಡು ಗಂಟೆಗೆ ಆಗುತ್ತದೆ, ಇಲ್ಲವೇ ಬರೀ ಚಹಾದಲ್ಲಿ ಹೋಗುತ್ತದೆ. ಆ ದಿನ ಗುಳಿಗೆ?

ಜಮಖಂಡಿ ಡಾಕ್ಟರ್

ಎರಡಕ್ಕೆ ಉಂಡರೆ ಎರಡಕ್ಕೇ. ಗುಳಿಗೆ ಗಡಿಯಾರಕ್ಕೆ ಅಲ್ಲ, ತಾಟಿಗೆ. ಊಟವೇ ಆಗದಿದ್ದರೆ ಆ ಹೊತ್ತಿನದು ಬಿಟ್ಟುಬಿಡಿ. ರಾತ್ರಿ ಅದನ್ನೂ ಸೇರಿಸಿ ಎರಡು ನುಂಗುವುದು ಬೇಡ, ರಾತ್ರಿಯದು ಎಷ್ಟಿದೆಯೋ ಅಷ್ಟೇ.

ಗುಮ್ಮಟ ನಗರಿ

ಮೇಡಂ, ಅಬ್ಬಾಗೆ ಮುಂದಿನ ತಿಂಗಳು ಹೊಟ್ಟೆಯ ಸಿಟಿ ಸ್ಕ್ಯಾನ್ ಇದೆ, ಬಣ್ಣದ ಇಂಜೆಕ್ಷನ್ ಕೊಡುತ್ತಾರಂತೆ. ಅದಕ್ಕೂ ಗುಳಿಗೆ ನಿಲ್ಲಿಸಬೇಕಾ?

ಜಮಖಂಡಿ ಡಾಕ್ಟರ್

ಸ್ಕ್ಯಾನ್ ಮಾಡುವವರಿಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ ಎಂದು ಮೊದಲೇ ಹೇಳಿ, ಇತ್ತೀಚಿನ ಕ್ರಿಯಾಟಿನಿನ್ ರಿಪೋರ್ಟ್ ಜೊತೆಗೆ ಇಟ್ಟುಕೊಳ್ಳಿ. ಕಿಡ್ನಿ ಹೇಗಿದೆ ಎನ್ನುವುದರ ಮೇಲೆ ನಿಲ್ಲಿಸಬೇಕಾ ಬೇಡವಾ ಎಂದು ಅವರು ಹೇಳುತ್ತಾರೆ. ನಿಲ್ಲಿಸಿದರೆ ಸಾಮಾನ್ಯವಾಗಿ ಎರಡು ದಿನ ಬಿಟ್ಟು ಕಿಡ್ನಿ ಟೆಸ್ಟ್ ಮತ್ತೆ ನೋಡಿ ಶುರು ಮಾಡುತ್ತಾರೆ. ರಿಪೋರ್ಟ್ ಬಂದ ಮೇಲೆ ಇಜಿಎಫ್‌ಆರ್ ಎಷ್ಟಿದೆ ಎಂದು ಇಲ್ಲಿ ಹಾಕಿ.